ಸಹಾಯ ಬೇಕು: ನಿವೇಶನ ನೋಡಿ ಹೋದವರನ್ನು ಮತ್ತೆ ಯಾವಾಗ ಸಂಪರ್ಕಿಸಬೇಕು?

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ನಿವೇಶನಗಳ ಏಜೆಂಟ್. ಗ್ರಾಹಕರನ್ನು ವಿಚಾರಣೆ, ಸ್ಥಳ ಭೇಟಿ, ದಾಖಲೆ ಪರಿಶೀಲನೆ, ಹಣದ ಹೊಂದಾಣಿಕೆ, ಮುಂಗಡ, ನೋಂದಣಿ ಎಂದು ಹಂತವಾರು ಬರೆದಿಡುತ್ತೇನೆ. ಹೆಚ್ಚಿನವರು ಸ್ಥಳ ನೋಡಿದ ಮೇಲೆ ತಿಂಗಳುಗಟ್ಟಲೆ ಅಲ್ಲಿಯೇ ನಿಲ್ಲುತ್ತಾರೆ.

ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು 30×40 ಅಡಿಯ ನಿವೇಶನವನ್ನು ಮೆಚ್ಚಿದ್ದಾರೆ; ಆದರೆ ಆಷಾಢ ಕಳೆಯಬೇಕು, ಬೆಂಗಳೂರಿನ ಮಗ ಬಂದು ನೋಡಬೇಕು, ಅಡಿಕೆ ಮಾರಿದ ಹಣ ಕೈಸೇರಬೇಕು. ಇಂಥವರಿಗೆ ವಾರವಾರವೂ "ಏನು ತೀರ್ಮಾನಿಸಿದಿರಿ ಸರ್?" ಎಂದು ಕೇಳುವುದು ಕಿರುಕುಳವೇ ಸರಿ. ಆದ್ದರಿಂದ ಭೇಟಿಯ ಎರಡು ದಿನಗಳೊಳಗೆ ಋಣಭಾರ ಪತ್ರ, ಇ-ಖಾತಾ ಮತ್ತು ಅನುಮೋದಿತ ಬಡಾವಣೆ ನಕ್ಷೆಯ ಪ್ರತಿಗಳನ್ನು ಕಳುಹಿಸಿ, ಹತ್ತು ದಿನಗಳ ನಂತರ ತಡೆ ಯಾವುದೆಂದು ಒಮ್ಮೆ ಕೇಳಿ, ಅವರ ಉತ್ತರಕ್ಕೆ ತಕ್ಕಂತೆ ಮುಂದಿನ ಕರೆಯ ದಿನಾಂಕವನ್ನು, ಅಂದರೆ ಮಗ ಊರಿಗೆ ಬರುವ ವಾರವನ್ನೋ ಅಡಿಕೆ ಮಾರಾಟದ ಸಮಯವನ್ನೋ, ಗುರುತಿಸಿಕೊಳ್ಳಬೇಕೆಂದಿದ್ದೇನೆ. ನಡುವೆ ತಿಂಗಳಿಗೊಂದು ಉಪಯುಕ್ತ ಮಾಹಿತಿಯ ವಾಟ್ಸಾಪ್ ಸಂದೇಶ ಸಾಕೆನಿಸುತ್ತದೆ.

ದಾಖಲೆಯ ಪ್ರತಿ ಕೇಳುವವರು ಅಥವಾ ಮನೆಯವರೊಂದಿಗೆ ಎರಡನೆಯ ಸಲ ಬರುವವರು ನಿಜವಾಗಿ ಕೊಳ್ಳುವವರೆಂದು ನನ್ನ ಅಂದಾಜು. "ಹಣ ಬರಲಿ" ಎನ್ನುವವರಲ್ಲಿ ನಿಜವಾಗಿ ಕಾಯುತ್ತಿರುವವರನ್ನೂ ದಾಕ್ಷಿಣ್ಯಕ್ಕೆ ಹಾಗೆ ಹೇಳುವವರನ್ನೂ ನೀವು ಹೇಗೆ ಬೇರ್ಪಡಿಸುತ್ತೀರಿ? ಎಷ್ಟು ಸಂದೇಶಗಳಿಗೆ ಉತ್ತರ ಬಾರದಿದ್ದರೆ ಸಂಪರ್ಕವನ್ನು ಮೂರು ತಿಂಗಳಿಗೊಮ್ಮೆಗೆ ಇಳಿಸುತ್ತೀರಿ? ಅನುಭವಿಗಳು ದಯವಿಟ್ಟು ತಿಳಿಸಿ.