ಮಾಗಿ ಚಳಿಗೆ ಅಮ್ಮನ ಹಿಮ್ಮಡಿ ಒಡೆತ: ಟ್ಯೂಬ್ ಹಚ್ಚಿದರೂ ಹೋಗುತ್ತಿಲ್ಲ

ರೇಷ್ಮೆಗೂಡು, ಶಿಡ್ಲಘಟ್ಟ

ಅಮ್ಮನಿಗೆ 54. ಪ್ರತಿ ಚಳಿಗಾಲ ಹಿಮ್ಮಡಿ ಒಡೆಯುತ್ತದೆ, ಈ ಸಲ ರಕ್ತ ಜಿನುಗುತ್ತಿದೆ, ಕಾಲೂರಲು ಆಗುತ್ತಿಲ್ಲ. ಎರಡೂ ಅಂಗಾಲು ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ರಾತ್ರಿ ನವೆ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ನವೆ ನಿಲ್ಲುತ್ತದೆ, ಬಿಟ್ಟರೆ ಮತ್ತೆ ಶುರು. ಅವರೆಕಾಯಿ ಸೀಸನ್ ಅಲ್ವಾ, ದಿನಾ ಹಿತಕಬೇಳೆ ಮಾಡಿ ಬಲಗೈ ಕೂಡ ಒರಟಾಗಿದೆ. ಶುಗರ್ ಟೆಸ್ಟ್ ಯಾವತ್ತೂ ಮಾಡಿಸಿಲ್ಲ, ಅಜ್ಜಿಗೆ ಇತ್ತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಏನು ಮಾಡಿದಿರಿ, ಹೇಳಿ.

ಮಾವಿನತೋಪು, ಶ್ರೀನಿವಾಸಪುರ

ನಮ್ಮತ್ತೆ ಕಾಲದಿಂದ ಒಂದೇ ಔಷಧಿ. ಹರಳೆಣ್ಣೆ ಬಿಸಿ ಮಾಡಿ ಅದರಲ್ಲಿ ಜೇನುಮೇಣ ಕರಗಿಸಿ ಡಬ್ಬಿಗೆ ಹಾಕಿಟ್ಟುಕೊಳ್ಳುವುದು. ರಾತ್ರಿ ಕಾಲು ತೊಳೆದು, ಒರೆಸಿ, ಬಿರುಕಿನೊಳಗೆ ತುಂಬಿ, ಹಳೇ ಕಾಲುಚೀಲ ಹಾಕಿ ಮಲಗಬೇಕು. ಕಾಲುಚೀಲ ಇಲ್ಲದೆ ಓಡಾಡಿದರೆ ರೆಡ್ ಆಕ್ಸೈಡ್ ನೆಲದ ಮೇಲೆ ಜಾರಿ ಬೀಳೋದು ಗ್ಯಾರಂಟಿ. ನನಗೆ ವಾರದಲ್ಲಿ ಕೂಡಿಕೊಳ್ಳುತ್ತದೆ. ಇಂಗ್ಲಿಷ್ ಟ್ಯೂಬ್ ಎಲ್ಲ ಸುಮ್ನೆ ದುಡ್ಡು ದಂಡ.

ಪಾವಗಡದ ಬಿಸಿಲು

ಅಜ್ಜಿಗೆ ಇತ್ತು ಅಂದಮೇಲೆ ಇನ್ನೇನು ಯೋಚನೆ? ಇದು ಶುಗರೇ. ನಮ್ಮ ಮಾವನಿಗೂ ಹೀಗೇ ಒಡೆದಿತ್ತು, ಟೆಸ್ಟ್ ಮಾಡಿಸಿದರೆ 300 ದಾಟಿತ್ತು. ಶುಗರ್ ಇಳಿಸಿ, ಹಿಮ್ಮಡಿ ತಾನಾಗಿಯೇ ಸರಿಹೋಗುತ್ತದೆ.

ಡ್ರೆಸ್ಸಿಂಗ್ ರೂಮ್, ಕೋಲಾರ

ನಾನು ನರ್ಸ್. ಶುಗರ್ ಇರುವವರ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದೇ ನನ್ನ ಕೆಲಸ.

ಪಾವಗಡದವರು ಹೇಳಿದ್ದರಲ್ಲಿ ಅರ್ಧ ಸರಿ. ಅಂಗಾಲಿನ ಚರ್ಮದಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ. ಅಲ್ಲಿ ಮೆತ್ತಗಿರುವುದಕ್ಕೆ ಬೆವರೇ ಗತಿ. ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ಬೆವರು ಬರಿಸುವ ಸಣ್ಣ ನರಗಳು ಸೋಲುತ್ತವೆ, ಪಾದ ಒಣಗುತ್ತದೆ, ಒಡೆಯುತ್ತದೆ. ಶುಗರ್ ಇಳಿದ ತಕ್ಷಣ ಆ ನರಗಳು ಮೊದಲಿನ ಹಾಗಾಗುವುದಿಲ್ಲ. ಹಾಗಾಗಿ "ತಾನಾಗಿಯೇ" ಅನ್ನೋದು ಆಗಲ್ಲ, ಕಾಲಿನ ಆರೈಕೆ ಬೇರೆ ಮಾಡಲೇಬೇಕು. ಆದರೆ ಒಡೆದ ಹಿಮ್ಮಡಿ ಎಲ್ಲ ಶುಗರ್ ಅಲ್ಲ. ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೀಸುವ ಒಣಗಾಳಿಗೆ, ಹಿಂದೆ ಪಟ್ಟಿ ಇಲ್ಲದ ಚಪ್ಪಲಿಗೆ, ಬರಿಗಾಲಿಗೆ ಯಾರ ಹಿಮ್ಮಡಿಯಾದರೂ ಒಡೆಯುತ್ತದೆ.

ಶಿಡ್ಲಘಟ್ಟದವರೇ, ನನಗೆ ಅನುಮಾನ ಬಂದಿದ್ದು ನಿಮ್ಮಮ್ಮನ ಬಲಗೈ ಮೇಲೆ. ಅವರೆಕಾಳು ಹಿತುಕುವಾಗ ಎರಡೂ ಕೈ ನೆನೆಯುತ್ತವೆ, ಒಂದೇ ಕೈ ಒರಟಾಗುವುದು ಯಾಕೆ? ಎರಡೂ ಅಂಗಾಲು, ಜೊತೆಗೆ ಒಂದೇ ಅಂಗೈ ಒಣಗಿದ್ದರೆ ನಾವು ಮೊದಲು ಫಂಗಸ್ ಇದೆಯಾ ಅಂತ ನೋಡುತ್ತೇವೆ. ಹುಳುಕಡ್ಡಿ ಬರಿಸುವ ಜಾತಿಯದೇ ಇದು. ಅಂಗಾಲಿಗೆ ಬಂದಾಗ ಉಂಗುರದ ಹಾಗೆ ಕಾಣದೆ ಬರೀ ಒಣಚರ್ಮದಂತೆ ಕಾಣುತ್ತದೆ. ಕೆರೆದುಕೊಂಡ ಕೈಗೆ ಹತ್ತುತ್ತದೆ.

ಬೆಳಗ್ಗೆ ಬಿಸಿಲಿನಲ್ಲಿ ಕೂರಿಸಿ ನೋಡಿ. ಬರೀ ಚಳಿ ಒಡೆತವಾದರೆ ಹಿಮ್ಮಡಿಯ ಅಂಚು ಮಾತ್ರ ದಪ್ಪ, ಪಾದದ ನಡುವಿನ ಗುಳಿ ಮೆತ್ತಗೇ ಇರುತ್ತದೆ. ಫಂಗಸ್ ಆದರೆ ಗುಳಿಯಲ್ಲೂ ಪುಡಿ, ಪಾದದ ಪಕ್ಕಕ್ಕೂ ಹತ್ತಿ ಒಂದು ಗೆರೆಯಲ್ಲಿ ನಿಂತಿರುತ್ತದೆ. ಅಂಗಾಲಿನ ಸಣ್ಣ ಗೆರೆಗಳ ಒಳಗೇ ಬಿಳಿ ಪುಡಿ ಕೂತಿರುತ್ತದೆ. ಬೆರಳ ಸಂದಿ ಬಿಡಿಸಿ ನೋಡಿ, ಬೆಳ್ಳಗೆ ನೆಂದ ಹಾಗಿದೆಯಾ? ಉಗುರು ಹಳದಿಯಾಗಿ ದಪ್ಪಗಾಗಿದೆಯಾ? ಆ ಟ್ಯೂಬಿನ ಮೇಲೆ ಏನು ಬರೆದಿದೆ ಅಂತಲೂ ಹೇಳಿ.

ನಿವೃತ್ತ ಮೇಷ್ಟ್ರು, ತಿಪಟೂರು

ನನಗೂ ಇದೇ ತೊಂದರೆ. ಮೊಣಕಾಲ ಕೆಳಗೆ, ಬೆನ್ನಿಗೆ, ಸೊಂಟಕ್ಕೆ ವಿಪರೀತ ತುರಿಕೆ. ಹಿಮ್ಮಡಿ ಚೆನ್ನಾಗೇ ಇದೆ. ವಯಸ್ಸು 71. ಚಳಿ ಅಂತ ಹಂಡೆ ನೀರು ಸುಡುಸುಡು ಹುಯ್ದುಕೊಂಡು, ಸೋಪು ಮೈಯೆಲ್ಲ ಉಜ್ಜುತ್ತಿದ್ದೆ. ಡಾಕ್ಟ್ರು ಬೈದು, ನೀರು ಉಗುರುಬೆಚ್ಚಗಿರಲಿ, ಸೋಪು ಕಂಕುಳು, ತೊಡೆಸಂದಿ, ಪಾದಕ್ಕೆ ಮಾತ್ರ ಅಂದರು. ಮೈ ಪೂರ್ತಿ ಒಣಗುವ ಮೊದಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರುತ್ತೇನೆ. ನಮ್ಮೂರಲ್ಲಿ ಕೊಬ್ಬರಿಗೇನು ಬರ? ತುರಿಕೆ ಮುಕ್ಕಾಲು ಪಾಲು ಹೋಗಿದೆ. ನಿಮ್ಮ ತಾಯಿಯವರಿಗೂ ಇದನ್ನೇ ಮಾಡಿಸಿ.

ಡ್ರೆಸ್ಸಿಂಗ್ ರೂಮ್, ಕೋಲಾರ

ಮೇಷ್ಟ್ರೇ, ನಿಮ್ಮದು ಬೇರೆ ಕಥೆ, ಆದರೆ ನೀವು ಮಾಡುತ್ತಿರುವುದು ಸರಿ. ಎಣ್ಣೆಯಾಗಲಿ ಮೇಣವಾಗಲಿ ನೀರು ಕೊಡುವುದಿಲ್ಲ, ಇರುವ ನೀರು ಆರದಂತೆ ಮುಚ್ಚುತ್ತದೆ. ಅದಕ್ಕೇ ಸ್ನಾನವಾದ ಐದು ನಿಮಿಷದೊಳಗೆ ಹಚ್ಚಬೇಕು. ಒಣಚರ್ಮಕ್ಕೆ ಮಧ್ಯಾಹ್ನ ಹಚ್ಚಿದರೆ ಪಳಪಳ ಹೊಳೆಯುತ್ತದೆ, ಅಷ್ಟೇ. ಆ ಲೆಕ್ಕದಲ್ಲಿ ಹರಳೆಣ್ಣೆ ಮೇಣವೂ ಬರೀ ಚಳಿ ಒಡೆತಕ್ಕೆ ಒಳ್ಳೆಯದೇ. ಒಳಗೆ ಫಂಗಸ್ ಇದ್ದರೆ ಮಾತ್ರ ಅದಕ್ಕೆ ಏನೂ ಆಗುವುದಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಅಕ್ಕ, ನೋಡಿದೆ. ಎಡಗೈ ಮೆತ್ತಗಿದೆ. ಬಲ ಅಂಗೈ ಗೆರೆಗಳಲ್ಲಿ ಬಿಳಿ ಪುಡಿ ಇದೆ. ಪಾದದ ಗುಳಿಯಲ್ಲೂ ಇದೆ. ಬಲಗಾಲಿನ ಹೆಬ್ಬೆರಳ ಉಗುರು ಹಳದಿ, ಕತ್ತರಿಸಿದರೆ ಪುಡಿಪುಡಿಯಾಗಿ ಉದುರುತ್ತದೆ. ಟ್ಯೂಬಿನ ಮೇಲೆ ಕ್ಲೋಬೆಟಸಾಲ್, ನಿಯೋಮೈಸಿನ್, ಮೈಕೊನಜೋಲ್ ಅಂತಿದೆ.

ಡ್ರೆಸ್ಸಿಂಗ್ ರೂಮ್, ಕೋಲಾರ

ಅಂದುಕೊಂಡ ಹಾಗೇ ಆಯಿತು. ಕ್ಲೋಬೆಟಸಾಲ್ ಜೋರಾದ ಸ್ಟೀರಾಯ್ಡ್. ಕೆಂಪು, ನವೆ ಎರಡನ್ನೂ ಎರಡೇ ದಿನದಲ್ಲಿ ಅಡಗಿಸುತ್ತದೆ, ಜನ ವಾಸಿಯಾಯಿತು ಅಂದುಕೊಳ್ಳುತ್ತಾರೆ. ಚರ್ಮ ಫಂಗಸ್ ಜೊತೆ ಹೋರಾಡುವುದನ್ನೇ ಅದು ನಿಲ್ಲಿಸಿರುತ್ತದೆ, ಕೆಳಗೆ ಫಂಗಸ್ ಹರಡುತ್ತಿರುತ್ತದೆ. ಫಂಗಸ್ ಕೊಲ್ಲುವ ಮೈಕೊನಜೋಲ್ ಜೊತೆಗಿದ್ದರೂ ಅಂಗಾಲಿನ ದಪ್ಪ ಚರ್ಮದಲ್ಲಿ ಅದರ ಆಟ ನಡೆಯಲ್ಲ. ಆ ಟ್ಯೂಬ್ ನಿಲ್ಲಿಸಿ. ನಿಲ್ಲಿಸಿದ ಕೆಲವು ದಿನ ನವೆ ಜಾಸ್ತಿ ಆಗಬಹುದು, ಗಾಬರಿಯಾಗಿ ಮತ್ತೆ ಹಚ್ಚಬೇಡಿ.

ಇನ್ನೊಂದು ಟ್ಯೂಬ್ ಕೊಳ್ಳುವ ಮೊದಲೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮೊಂಡು ಬ್ಲೇಡಿನಿಂದ ಪುಡಿ ಕೆರೆದು, ಗಾಜಿನ ಮೇಲೆ ಕೆಒಎಚ್ ದ್ರಾವಣದ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫಂಗಸ್ ಎಳೆ ಇದೆಯಾ ನೋಡುತ್ತಾರೆ. ನೋವಾಗಲ್ಲ, ಫಲಿತಾಂಶ ಅವತ್ತೇ ಸಿಗಬಹುದು. ಫಂಗಸ್ ಕ್ರೀಮು ಹಚ್ಚಿಕೊಂಡು ಹೋದರೆ ಎಳೆ ಕಾಣದೇ ಹೋಗಬಹುದು, ಈ ಟ್ಯೂಬಿನಲ್ಲೂ ಅದು ಇದೆಯಲ್ಲ, ಡಾಕ್ಟರಿಗೆ ಹೇಳಿ. ಈ ಪರೀಕ್ಷೆ ಯಾಕೆಂದರೆ ಸೋರಿಯಾಸಿಸ್ ಕೂಡ ಅಂಗಾಲಲ್ಲಿ ಹೀಗೇ ಕಾಣುತ್ತದೆ, ಕಣ್ಣಲ್ಲಿ ನೋಡಿ ಹೇಳಲು ಎಷ್ಟೋ ಸಲ ಆಗುವುದಿಲ್ಲ.

ಅದೇ ದಿನ ಶುಗರ್ ಕೂಡ ಮಾಡಿಸಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್‌ನಲ್ಲಿ ನೋಡುತ್ತಾರೆ. ಖಾಲಿ ಹೊಟ್ಟೆಯದು 126 ಅಥವಾ ಮೇಲೆ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.5 ಅಥವಾ ಮೇಲೆ ಬಂದರೆ ಸಕ್ಕರೆ ಕಾಯಿಲೆ. ಫಂಗಸ್ ಹಿಡಿದು ಬಿಡದ ಕಾಲುಗಳ ಹಿಂದೆ ಶುಗರ್ ಇರುವುದು ನನ್ನ ಟೇಬಲ್ಲಿನ ಮೇಲೆ ದಿನಾ ಕಾಣುವ ವಿಷಯ.

ಅಲ್ಲಿಯವರೆಗೆ ಮನೆಯಲ್ಲಿ ಒಂದು ಕೆಲಸ ಮಾಡಿ. ಅಮ್ಮ ಕಣ್ಣು ಮುಚ್ಚಲಿ. ಒಂದೊಂದು ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಿಮ್ಮ ಬೆರಳಿನಿಂದ ಒಂದೆರಡು ಸೆಕೆಂಡ್ ಹಗುರವಾಗಿ ಮುಟ್ಟಿ. ಒತ್ತಬೇಡಿ, ಚುಚ್ಚಬೇಡಿ, ಗುದ್ದಬೇಡಿ. ಯಾವ ಕಾಲು ಅಂತ ಅವರು ಹೇಳಲಿ. ಆರರಲ್ಲಿ ಎರಡು ಅಥವಾ ಜಾಸ್ತಿ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತ ಅರ್ಥ. ಅಂಥವರ ಕಾಲು ಬಿಸಿನೀರಿಗೆ ಇಳಿಸಬಾರದು. ಸುಟ್ಟರೂ ಗೊತ್ತಾಗುವುದಿಲ್ಲ.

ಮಾವಿನತೋಪು, ಶ್ರೀನಿವಾಸಪುರ

ಬಿರುಕಿನ ಅಂಚು ಗಟ್ಟಿಯಾಗಿ ಸೀರೆಗೆ ಸಿಕ್ಕಿಕೊಳ್ಳುತ್ತದಲ್ಲ, ಅದನ್ನು ನಾವು ಬ್ಲೇಡಿನಲ್ಲಿ ತೆಗೆಯುತ್ತೇವೆ. ಅದೂ ತಪ್ಪಾ?

ಡ್ರೆಸ್ಸಿಂಗ್ ರೂಮ್, ಕೋಲಾರ

ದಯವಿಟ್ಟು ಬೇಡ. ಶುಗರ್ ಇರುವವರಂತೂ ಮುಟ್ಟಲೇಬಾರದು. ಹಿಮ್ಮಡಿ ಕೆತ್ತಿಕೊಂಡು, ಹಸಿಗಾಯದಲ್ಲೇ ಹೊಲಕ್ಕೆ ಹೋಗಿ, ಕೀವು ಮೂಳೆವರೆಗೆ ಇಳಿದ ಮೇಲೆ ನಮ್ಮ ಹತ್ತಿರ ಬಂದವರಿದ್ದಾರೆ. ಬಿರುಕಿನ ಸುತ್ತ ಕೆಂಪು, ಬಿಸಿ, ಊತ, ವಾಸನೆ ಕಂಡರೆ ಅವತ್ತೇ ಆಸ್ಪತ್ರೆ, ಮನೆ ಔಷಧಿ ಇಲ್ಲ.

ದಪ್ಪ ತೆಳ್ಳಗಾಗಲು ಯೂರಿಯಾ ಕ್ರೀಮು ಸಾಕು. ಹೊಲಕ್ಕೆ ಹಾಕುವ ಯೂರಿಯಾ ಅಲ್ಲ ಮತ್ತೆ! ಶೇ. 10ರದ್ದು ಒಣಚರ್ಮಕ್ಕೆ, ಶೇ. 20ರಿಂದ 25ರದ್ದು ದಪ್ಪ ಹಿಮ್ಮಡಿಗೆ. ರಕ್ತ ಬರುವ ಬಿರುಕಿಗೆ ಹಾಕಿದರೆ ಉರಿ ತಡೆಯಲಾಗದು, ಮೊದಲು ಬರೀ ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಕೂಡಿಕೊಳ್ಳಲು ಬಿಡಿ. ಏನೇ ಹಚ್ಚಿದರೂ ಬೆರಳ ಸಂದಿಗೆ ಬೇಡ, ಅಲ್ಲಿ ಒಣಗಿರಬೇಕು.

ಪಾವಗಡದ ಬಿಸಿಲು

ಯೂರಿಯಾ ಕ್ರೀಮು ನಮ್ಮ ಮಾವನಿಗೆ ಒಗ್ಗಲಿಲ್ಲ. ಶುಗರ್ ಹತೋಟಿಗೆ ಬಂದ ಮೇಲೇ ಹಿಮ್ಮಡಿ ಸರಿಯಾಗಿದ್ದು. ನಾನು ಕಣ್ಣಾರೆ ಕಂಡಿದ್ದು ಇದು.

ರೇಷ್ಮೆಗೂಡು, ಶಿಡ್ಲಘಟ್ಟ

ಹೋಗಿ ಬಂದೆವು. ಕೆರೆದ ಪುಡಿಯಲ್ಲಿ ಫಂಗಸ್ ಎಳೆ ಕಂಡಿದೆ. ಖಾಲಿ ಹೊಟ್ಟೆ ಶುಗರ್ 112, ಎಚ್‌ಬಿಎ1ಸಿ 6.1. ಬೆರಳು ಮುಟ್ಟಿದ್ದು ಆರೂ ಸರಿಯಾಗಿ ಹೇಳಿದರು. ಲಿವರ್ ತೊಂದರೆ, ಬೇರೆ ಮಾತ್ರೆ ಏನಾದರೂ ಇದೆಯಾ ಅಂತ ಕೇಳಿ, ರಕ್ತ ಪರೀಕ್ಷೆ ನೋಡಿ ಟರ್ಬಿನಾಫಿನ್ 250 ಮಾತ್ರೆ ದಿನಕ್ಕೊಂದು, ಜೊತೆಗೆ ಅದೇ ಹೆಸರಿನ ಕ್ರೀಮು ಕೊಟ್ಟರು. ಸ್ನಾನಕ್ಕೆ ಉಗುರುಬೆಚ್ಚಗಿನ ನೀರು, ಹಿಮ್ಮಡಿಗೆ ಜೆಲ್ಲಿ, ಒಗೆದು ಬಿಸಿಲಿಗೆ ಒಣಗಿಸಿದ ಕಾಲುಚೀಲ. ಚಪ್ಪಲಿ, ಟವೆಲ್ ಅಮ್ಮನದು ಬೇರೆ ಮಾಡಿದ್ದೇವೆ. ಈಗ ಬಿರುಕು ಕೂಡುತ್ತಾ ಬಂದಿದೆ, ರಾತ್ರಿ ನಿದ್ದೆ ಬರುತ್ತಿದೆ. ಅಂಗೈ ಬೇಗ ಸರಿಯಾಯಿತು.

ಉಗುರು ಮಾತ್ರ ಹಾಗೇ ಇದೆ. ಅದು ಹೋಗಬೇಕಾದರೆ ಮಾತ್ರೆ ಮೂರು ತಿಂಗಳು ಬೇಕು ಅಂದರು. ಅಮ್ಮ ಒಪ್ಪುತ್ತಿಲ್ಲ, "ಉಗುರಿಗೆ ಯಾರಾದರೂ ಮಾತ್ರೆ ನುಂಗುತ್ತಾರಾ" ಅಂತಾರೆ.

ಡ್ರೆಸ್ಸಿಂಗ್ ರೂಮ್, ಕೋಲಾರ

6.1 ಅಂದರೆ ಸಕ್ಕರೆ ಕಾಯಿಲೆ ಅಲ್ಲ, ಆದರೆ ಹೊಸ್ತಿಲ ಮೇಲಿದ್ದಾರೆ. ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಈ ಸಲದ ಒಡೆತಕ್ಕೆ ಶುಗರ್ ಕಾರಣ ಅಂತ ಅನ್ನಿಸುವುದಿಲ್ಲ, ಫಂಗಸ್ಸು, ಒಣಗಾಳಿ ಎರಡೂ ಸೇರಿ ಆಗಿದೆ. ನವೆ ನಿಂತಿತು ಅಂತ ಮಾತ್ರೆ, ಕ್ರೀಮು ಅರ್ಧಕ್ಕೆ ಬಿಡಬೇಡಿ, ಹೇಳಿದಷ್ಟು ದಿನ ಪೂರ್ತಿ ಮುಗಿಸಲಿ.

ಉಗುರಿನ ವಿಷಯದಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಿದೆ. ಉಗುರಿನಲ್ಲಿ ಉಳಿದ ಫಂಗಸ್ಸಿನಿಂದ ಅಂಗಾಲಿಗೆ ಮತ್ತೆ ಬರಬಹುದು, ಅದಕ್ಕೇ ಈಗಲೇ ತೆಗೆಯೋಣ ಅನ್ನುವವರಿದ್ದಾರೆ. ಒಂದೇ ಉಗುರಿಗೆ ಅಷ್ಟು ದಿನ ಮಾತ್ರೆ ಯಾಕೆ, ಕಾದು ನೋಡೋಣ ಅನ್ನುವವರೂ ಇದ್ದಾರೆ. ನಿಮ್ಮಮ್ಮನ ಶುಗರ್ ಗಡಿಯಲ್ಲಿ ಇರುವುದರಿಂದ ನಾನಾಗಿದ್ದರೆ ತೆಗೆಸುವ ಕಡೆಗೇ ವಾಲುತ್ತಿದ್ದೆ. ಮಾತ್ರೆ ತಗೊಂಡರೂ ಹೊಸ ಉಗುರು ಪೂರ್ತಿ ಬೆಳೆಯಲು ವರ್ಷವೇ ಹಿಡಿಯುತ್ತದೆ, ಅದನ್ನು ಮೊದಲೇ ಅವರಿಗೆ ಹೇಳಿಬಿಡಿ.

ನಿವೃತ್ತ ಮೇಷ್ಟ್ರು, ತಿಪಟೂರು

ನನ್ನ ಉಗುರೂ ಹಳದಿ ಇದೆ. ಹತ್ತಾರು ವರ್ಷದಿಂದ ಇದೆ. ಅದೂ ಫಂಗಸ್ಸೇನಾ?

ಡ್ರೆಸ್ಸಿಂಗ್ ರೂಮ್, ಕೋಲಾರ

ದಪ್ಪ ಹಳದಿ ಉಗುರೆಲ್ಲ ಫಂಗಸ್ ಅಲ್ಲ ಮೇಷ್ಟ್ರೇ, ಹಳೇ ಪೆಟ್ಟಿಗೂ ವಯಸ್ಸಿಗೂ ಹಾಗಾಗುತ್ತದೆ. ಉಗುರಿನ ಚೂರು ಪರೀಕ್ಷೆಗೆ ಕೊಡಿ. ಸುಮ್ನೆ ಮಾತ್ರೆ ಶುರು ಮಾಡಬೇಡಿ.