ಸಾಲದ ಫ್ಲೆಕ್ಸ್‌ನಲ್ಲಿ ಬಡ್ಡಿ, ಶುಲ್ಕ ಕಾಣುವ ಹಾಗೆ ಮಾಡೋದು ಹೇಗೆ?

ಗೋಣಿಕೊಪ್ಪ, ಡಿಟಿಪಿ ಅಂಗಡಿ: ಫೈನಾನ್ಸ್ ಒಂದರವರು 3 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್ ಮಾಡಲು ಕೊಟ್ಟಿದ್ದಾರೆ. "ಬೆಳೆಗಾರರಿಗೆ ತಿಂಗಳಿಗೆ ಕೇವಲ 1% ಬಡ್ಡಿ! 10 ನಿಮಿಷದಲ್ಲಿ ಸಾಲ!" ಅಂತ ದೊಡ್ಡದಾಗಿ. ಕೆಳಗೆ ನಕ್ಷತ್ರ ಹಾಕಿ ಷರತ್ತು. ವೀಡ್ ಕಟರ್, ಪಂಪ್ ಕೊಳ್ಳಲು 1 ಲಕ್ಷದ ಸಾಲ, 12 ಕಂತು. ಶುಲ್ಕ 2%, ಅದರ ಮೇಲೆ ಜಿಎಸ್‌ಟಿ. ಷರತ್ತೂ ಕಾಣಬೇಕು ಅಂತ ನಾನೇ ಹಟ ಹಿಡಿದಿದ್ದೇನೆ. ಮ್ಯಾನೇಜರ್ "ಮಾಡಿ ತೋರಿಸಿ" ಅಂದರು. ಯಾರಾದರೂ ಮಾಡಿದ್ದೀರಾ?

ಕುಶಾಲನಗರ, ಬೋರ್ಡ್ ಬರೆಯುವವರು: ಸುಲಭ. 1% ಎಷ್ಟು ದೊಡ್ಡದೋ ಶುಲ್ಕ, ಅರ್ಹತೆ ಎರಡನ್ನೂ ಅಷ್ಟೇ ದೊಡ್ಡದಾಗಿ ಬರೆಯಿರಿ. ಮುಗೀತು. 15 ಅಡಿ ದೂರದಿಂದ ಓದಬೇಕಾದರೆ ಅಕ್ಷರ ಒಂದೂವರೆ ಇಂಚಾದರೂ ಇರಲಿ. ತೀರಾ ದಪ್ಪ ಫಾಂಟ್ ಬೇಡ, ಕನ್ನಡದ ಒತ್ತು ದೂರಕ್ಕೆ ಕಲಸಿದ ಹಾಗೆ ಕಾಣುತ್ತದೆ. ಕಾಫಿ ಹೂವಿನ ಫೋಟೊ ಮೇಲೆ ಬಿಳಿ ಅಕ್ಷರವನ್ನಂತೂ ಇಡಲೇಬೇಡಿ.

ವಿರಾಜಪೇಟೆ, ಸಾಲ ವಿಭಾಗದಲ್ಲಿದ್ದು ನಿವೃತ್ತ: ಅಕ್ಷರದ ಮಾತು ಸರಿ. ಆದರೆ 1% ಅನ್ನೋದೇ ದಾರಿ ತಪ್ಪಿಸುತ್ತಿದ್ದರೆ, ಪಕ್ಕದಲ್ಲಿ ಶುಲ್ಕವನ್ನು ದೊಡ್ಡದಾಗಿ ಬರೆದು ಏನು ಬಂತು? ಇದು ಫ್ಲ್ಯಾಟ್ ಬಡ್ಡಿ. ಪ್ರತಿ ತಿಂಗಳೂ ಅಸಲು ತೀರುತ್ತಾ ಬರುತ್ತದೆ, ಬಡ್ಡಿ ಮಾತ್ರ ಕೊನೆಯವರೆಗೂ ಪೂರ್ತಿ 1 ಲಕ್ಷದ ಮೇಲೆ. ವರ್ಷಕ್ಕೆ 12,000. ಒಟ್ಟು 1,12,000, ಅಂದರೆ ಕಂತಿಗೆ ಸುಮಾರು 9,333. ಓದುವವರು 12% ಅಂದುಕೊಳ್ಳುತ್ತಾರೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಸುಮಾರು 21.5% ಆಗುತ್ತದೆ.

ಇನ್ನು ಶುಲ್ಕ 2,000, ಜಿಎಸ್‌ಟಿ 360. ಅದನ್ನು ಮೊದಲೇ ಹಿಡಿದುಕೊಂಡರೆ ಕೈಗೆ ಬರುವುದು 97,640. ಎಕ್ಸೆಲ್‌ನಲ್ಲಿ ನೀವೇ ಹಾಕಿ ನೋಡಿ:

```
=RATE(12,-9333.33,97640)*12
```

ಸುಮಾರು 26.1% ಬರುತ್ತದೆ. ಫ್ಲೆಕ್ಸ್ ಮೇಲೆ ಶೇಕಡಾವಾರು ಒಂದೇ ಇರಲಿ, ಅದು ಇದೇ ಆಗಿರಲಿ. 1% ತೆಗೆದುಬಿಡಿ. ಎರಡೂ ಇದ್ದರೆ ಜನ ಚಿಕ್ಕದನ್ನೇ ಹಿಡಿಯುತ್ತಾರೆ, ನಾನೂ ಹಿಡಿಯುತ್ತಿದ್ದೆ.

ನಾಪೋಕ್ಲು, ಕಾಫಿ ತೋಟ: ಈ ಸಾಲ ನಮಗೂ ಸಿಗುತ್ತದಾ ಸಾರ್? ಹೋದ ವರ್ಷ ಇಂಥದ್ದೇ ಬೋರ್ಡ್ ನೋಡಿ ಒಂದು ಕಡೆ ಹೋಗಿದ್ದೆ. ಕೊಯ್ಲಿನ ಟೈಮ್, ಆಳುಗಳನ್ನು ಬಿಟ್ಟು ಮೂರು ಸಲ ಓಡಾಡಿದೆ. ಕೊನೆಗೆ ಪಹಣಿ ನಿಮ್ಮೊಬ್ಬರ ಹೆಸರಲ್ಲಿಲ್ಲ ಅಂದರು. ನಮ್ಮದು ಇಡೀ ಕುಟುಂಬಕ್ಕೆ ಸೇರಿದ ಜಮ್ಮಾ ಜಾಗ, ಪಹಣಿಯಲ್ಲಿ ಪಟ್ಟೇದಾರರಾದ ದೊಡ್ಡಪ್ಪನ ಹೆಸರು. ಬೋರ್ಡಲ್ಲಿ "ಬೆಳೆಗಾರರಿಗೆ" ಅಂತ ಮಾತ್ರ ಇತ್ತು.

ಗೋಣಿಕೊಪ್ಪ, ಡಿಟಿಪಿ ಅಂಗಡಿ: ಅಣ್ಣ, ಸಾಲ ಕೊಡುವವನು ನಾನಲ್ಲ, ಸುಮ್ನೆ ಪ್ರಿಂಟ್ ಹಾಕುವವನು! ಆದರೆ ಒಳ್ಳೇ ಮಾತು ಹೇಳಿದಿರಿ. ಫೋನ್ ಮಾಡಿ ಕೇಳಿದೆ, ಇವರಿಗೂ ಪಹಣಿ ಸ್ವಂತ ಹೆಸರಲ್ಲೇ ಬೇಕಂತೆ. ಜಂಟಿ ಇದ್ದರೆ ಉಳಿದವರ ಒಪ್ಪಿಗೆ ಪತ್ರ. ಹಾಗಾದರೆ 10 ನಿಮಿಷ ಎಲ್ಲಿಂದ ಬಂತು ಅಂದೆ. ಅದು ಅರ್ಜಿ ತುಂಬುವ ಟೈಮಂತೆ.

ವಿರಾಜಪೇಟೆ, ನಿವೃತ್ತ: ಹಾಗಿದ್ದರೆ 10 ನಿಮಿಷವನ್ನೂ ತೆಗೆಯಿರಿ. ಪಹಣಿಯ ಷರತ್ತು ತಲೆಬರಹದ ನೇರ ಕೆಳಗೇ ಬರಲಿ. ನಾಪೋಕ್ಲಿನವರು ರಸ್ತೆಯಲ್ಲೇ ಓದಿ ಮುಂದೆ ಹೋಗುತ್ತಿದ್ದರು ಅಲ್ವಾ?

ಕುಶಾಲನಗರ, ಬೋರ್ಡ್ ಬರೆಯುವವರು: 26% ಅಂತ ಬರೆದರೆ ಒಬ್ಬನೂ ಒಳಗೆ ಬರುವುದಿಲ್ಲ. ಪಕ್ಕದ ಫೈನಾನ್ಸ್‌ನವರು 1% ಅಂತಲೇ ಹಾಕಿರುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮ ಇದೆಯಲ್ಲ, ಅದು ಫ್ಲೆಕ್ಸಿಗೂ ಬರುತ್ತದಾ?

ವಿರಾಜಪೇಟೆ, ನಿವೃತ್ತ: ನೀವು ಹೇಳುತ್ತಿರುವುದು ಮುಖ್ಯ ವಿವರಗಳ ಹಾಳೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಹೊಸ ಚಿಲ್ಲರೆ ಸಾಲಕ್ಕೆ ಅದನ್ನು ಕೊಡಬೇಕು. ಶುಲ್ಕವೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರುತ್ತದೆ. ಅದು ಸಾಲಗಾರರ ಕೈಗೆ ಹೋಗುವ ಹಾಳೆ, ಗೋಡೆಗಲ್ಲ. ಆದರೆ ಗೋಡೆಯಲ್ಲಿ 1% ನೋಡಿ ಬಂದವರಿಗೆ ಹಾಳೆಯಲ್ಲಿ 26.1 ಕಂಡರೆ ಜಗಳ ಕೌಂಟರಿನಲ್ಲೇ. ಮ್ಯಾನೇಜರಿಗೆ ಇದನ್ನೇ ಹೇಳಿ. ಪಕ್ಕದವರ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಗೋಣಿಕೊಪ್ಪ, ಡಿಟಿಪಿ ಅಂಗಡಿ: ಹೀಗೆ ಮಾಡಿದೆ, ಎಲ್ಲಾ ಸಾಲೂ ಒಂದೇ ಅಳತೆ, ಹಳದಿ ಮೇಲೆ ಕಪ್ಪು:

"ವೀಡ್ ಕಟರ್, ಪಂಪ್‌ಗೆ 1 ಲಕ್ಷ ಸಾಲ
ಪಹಣಿ ನಿಮ್ಮ ಹೆಸರಲ್ಲಿರಬೇಕು. ಜಂಟಿಯಾದರೆ ಎಲ್ಲರ ಒಪ್ಪಿಗೆ
ಶುಲ್ಕ 2,360 ಕಳೆದು ಕೈಗೆ 97,640
ತಿಂಗಳಿಗೆ ಸುಮಾರು 9,333ರಂತೆ 12 ಕಂತು, ಒಟ್ಟು 1,12,000
ಶುಲ್ಕ ಸೇರಿ ವರ್ಷಕ್ಕೆ 26.1%"

ಎ4ನಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೆ. ನಾಲ್ಕು ಅಡಿ ದೂರದಲ್ಲಿ ಅಮ್ಮನನ್ನು ನಿಲ್ಲಿಸಿ "ಎಷ್ಟು ಕೊಡುತ್ತಾರೆ, ಎಷ್ಟು ಕಟ್ಟಬೇಕು?" ಅಂತ ಕೇಳಿದೆ. ಎರಡಕ್ಕೂ ಸರಿ ಹೇಳಿದರು. ಹಳೆಯದನ್ನು ತೋರಿಸಿದಾಗ "ಒಂದು ಪರ್ಸೆಂಟ್" ಅಂತಷ್ಟೇ ಹೇಳಿದ್ದರು.

ಮ್ಯಾನೇಜರ್ ಕಂತು, ಪಹಣಿ, ಶುಲ್ಕದ ಸಾಲುಗಳಿಗೆ ಒಪ್ಪಿದರು. 26.1 ಮಾತ್ರ ಅರ್ಧ ಸೈಜ್ ಮಾಡಿ ಅನ್ನುತ್ತಿದ್ದಾರೆ. ಸೋಮವಾರ ಮತ್ತೆ ಬರುತ್ತಾರೆ.