ಸಹಾಯ ಬೇಕು: ಪುಣೆಯಲ್ಲಿ ಪರಿಚಯ ಸ್ನೇಹವಾಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ವಯಸ್ಸು 31. ಕೆಲಸಕ್ಕೆಂದು ಪುಣೆಗೆ ಬಂದು ಎಂಟು ತಿಂಗಳಾಯ್ತು. ಮನೆ ಕೋಥ್ರೂಡ್, ಆಫೀಸು ಹಿಂಜೇವಾಡಿ. ಸಹೋದ್ಯೋಗಿಗಳು ಒಳ್ಳೆಯವರೇ, ಆದರೆ ಸಂಜೆ ಬಸ್ ಹತ್ತಿದ ಮೇಲೆ ಎಲ್ಲರದೂ ಬೇರೆ ದಾರಿ.

ಭಾನುವಾರ ಬ್ಯಾಡ್ಮಿಂಟನ್‌ಗೆ ಸೇರಿದೆ. ಪ್ರತಿ ವಾರ ಹೊಸ ಮುಖಗಳು, ಮತ್ತೆ ಹೆಸರು ಹೇಳುವುದರಿಂದಲೇ ಶುರು. ಆಮೇಲೆ ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಬಗ್ಗೆ ಓದಿದೆ. ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ಆಪ್ತ ಸ್ನೇಹಕ್ಕೆ 200 ಗಂಟೆಗೂ ಹೆಚ್ಚು ಒಟ್ಟಿಗೆ ಕಳೆಯಬೇಕಂತೆ. ವಾರಕ್ಕೊಂದು ಗಂಟೆಯಾದರೆ ಅದೇ ಜನ ಬಂದರೂ 50 ಗಂಟೆಗೆ ಒಂದು ವರ್ಷ ಬೇಕು! ನನ್ನ ತೊಡಕು ಎಲ್ಲಿದೆ ಎಂದು ಆಗ ಗೊತ್ತಾಯ್ತು.

ಈಗ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಆರಕ್ಕೆ ವೇತಾಳ ಟೇಕಡಿ ಹತ್ತುತ್ತೇನೆ. ಅದೇ ಹೊತ್ತು, ಅದೇ ಮುಖಗಳು. ಸಾತಾರಾ ಕಡೆಯ, ನನ್ನದೇ ವಯಸ್ಸಿನ ಒಬ್ಬರು ಮೂರು ವಾರದಿಂದ ಜೊತೆಗೆ ಇಳಿಯುತ್ತಾರೆ. ನನ್ನ ಮರಾಠಿ ಇನ್ನೂ ತಡವರಿಸುತ್ತದೆ, ಅವರೇ ತಿದ್ದುತ್ತಾರೆ. ಆದರೆ ಬೆಟ್ಟದ ಬುಡಕ್ಕೆ ಬಂದರೆ ಮಾತು ನಿಂತುಬಿಡುತ್ತದೆ.

ಅವರನ್ನು ಚಹಾಕ್ಕೆ, ಮನೆಗೆ ಊಟಕ್ಕೆ ಕರೆಯುವುದು ಬೇಗವಾಯಿತೇ? ಅಮ್ಮ ಕಳಿಸಿದ ಮಂಡಕ್ಕಿ ಇದೆ, ಒಗ್ಗರಣೆ ಹಾಕಿ ಕರೆಯೋಣ ಅನ್ನಿಸುತ್ತೆ. ನೀವು ಮೊದಲ ಸಲ ಏನೆಂದು ಕರೆದಿರಿ? ಕೋಥ್ರೂಡ್ ಸುತ್ತ ಒಂದೇ ಗುಂಪು ವಾರವಾರ ಸೇರುವ ಭಜನೆ, ನಾಟಕ, ಮರಾಠಿ ತರಗತಿ ಇದ್ದರೂ ದಯವಿಟ್ಟು ತಿಳಿಸಿ.